ದಟ್ಟ ಗುಂಗುರು ಕೂದಲಿಗೆ ಗಿಡ್ಡ ಕಟ್: ಉದ್ದವನ್ನು ನಾನು ನಿರ್ಧರಿಸುವ ರೀತಿ

ಬೆಳಗಾವಿಯ ಟಿಳಕವಾಡಿಯಲ್ಲಿ ನನ್ನ ಪಾರ್ಲರ್ ಇದೆ. ದಟ್ಟ ಗುಂಗುರು ಕೂದಲಿನವರು ಬಂದು "ಗಿಡ್ಡ ಮಾಡಿಬಿಡ್ರಿ, ಮುಂಜಾನೆ ಕೆಲಸ ಕಮ್ಮಿ ಆಗಲಿ" ಅಂದರೆ ನಾನು ಕೂಡಲೇ ಕತ್ತರಿ ಎತ್ತಿಕೊಳ್ಳುವುದಿಲ್ಲ. ನೆಟ್ಟಗಿನ ಕೂದಲಿಗೆ ಗಿಡ್ಡ ಆದಷ್ಟೂ ಕೆಲಸ ಕಡಿಮೆ ಎನ್ನುವ ಲೆಕ್ಕ ಬಹುಮಟ್ಟಿಗೆ ಸರಿ. ಗುಂಗುರು ಕೂದಲಿಗೆ ಅದು ಒಂದು ಮಿತಿಯವರೆಗೆ ಮಾತ್ರ ನಿಜ. ಆ ಮಿತಿಗಿಂತ ಕೆಳಗೆ ಹೋದರೆ ಮುಂಜಾನೆಯ ಕೆಲಸ ಹೆಚ್ಚುತ್ತದೆ. ಆ ಮಿತಿ ಎಲ್ಲಿದೆ ಅಂತ ಹುಡುಕುವುದೇ ನನ್ನ ಮುಖ್ಯ ಕೆಲಸ.

ಅನಗೋಳದಿಂದ ಬಂದ ಒಬ್ಬ ನರ್ಸ್ ಅವರ ಉದಾಹರಣೆಯನ್ನೇ ಹೇಳುತ್ತೇನೆ. ಬೆಳಗಿನ ಶಿಫ್ಟ್ ಇದ್ದಾಗ ಆರೂವರೆಗೆಲ್ಲ ಸ್ಕೂಟಿ ಮೇಲೆ ಹೊರಡಬೇಕು. ಬೆನ್ನಿನ ನಡುವಿನವರೆಗೆ ಕೂದಲು, ದಿನಾ ಬಿಗಿಯಾಗಿ ಗಂಟು. "ತಲಿ ತೊಳದ್ರ ಮಧ್ಯಾಹ್ನ ಆದ್ರೂ ಒಣಗೂದಿಲ್ಲ ಅಕ್ಕಾ. ಮಳೆಗಾಲದಾಗಂತೂ ಒಳಗ ಹಸೀನೇ ಇರ್ತದ" ಅಂದರು. ಬೆಳಗಾವಿಯ ಜುಲೈ, ಆಗಸ್ಟ್ ಕಂಡವರಿಗೆ ಈ ಕಷ್ಟ ಗೊತ್ತು. ಮೊಬೈಲ್‌ನಲ್ಲಿ ಒಂದು ಫೋಟೋ ತಂದಿದ್ದರು. ಗಂಡಸರ ಕಟಿಂಗ್ ಥರ ತೀರಾ ಗಿಡ್ಡ ಕೂದಲು, ಆದರೆ ಫೋಟೋದಲ್ಲಿರುವವಳ ಕೂದಲು ನೆಟ್ಟಗೆ.

ಅವತ್ತು ಕಟ್ ಮಾಡಲಿಲ್ಲ. ಹಿಂದಿನ ದಿನ ಸಂಜೆ ತಲೆಗೆ ನೀರು ಹಾಕಿಕೊಂಡು, ಎಣ್ಣೆ ಹಚ್ಚದೆ, ಗಂಟು ಕಟ್ಟದೆ, ಒಣಗಿದ ಮೇಲೆ ಬಾಚದೆ ಬನ್ನಿ ಅಂದೆ. ಬಿಗಿ ಗಂಟು ಬಿಚ್ಚಿದ ಕೂದಲು ಗಂಟಿನ ಬಾಗನ್ನೇ ತೋರಿಸುತ್ತದೆ, ತನ್ನ ಸುರುಳಿಯನ್ನಲ್ಲ. ಬಾಚಿದ ಗುಂಗುರು ಕೂದಲು ಬರೀ ಹರಡಿದ ರಾಶಿ. ಸುರುಳಿ ತಾನಾಗಿ ಹೇಗೆ ಕೂರುತ್ತದೋ ಹಾಗೆ ನೋಡಿದರೆ ಮಾತ್ರ ಅಳತೆ ಸಿಗುತ್ತದೆ.

ಅವರು ಹಾಗೇ ಬಂದಾಗ ಎರಡು ವಿಷಯ ನೋಡಿದೆ. ಮೊದಲನೆಯದು ಕುಗ್ಗುವಿಕೆ. ನೆತ್ತಿಯ ಒಂದು ಸುರುಳಿಯನ್ನು ಬೆರಳಲ್ಲಿ ನೆಟ್ಟಗೆ ಎಳೆದೆ, 15 ಇಂಚು ಬಂತು. ಬಿಟ್ಟಾಗ 9 ಇಂಚಿಗೆ ನಿಂತಿತು. ಕುತ್ತಿಗೆಯ ಹತ್ತಿರದ ಕೂದಲು ಎಳೆದಾಗ 14, ಬಿಟ್ಟಾಗ 10. ಅಂದರೆ ನೆತ್ತಿಯಲ್ಲಿ ಸುರುಳಿ ಬಿಗಿ, ಹಿಂದೆ ಕೆಳಗೆ ಸಡಿಲ. ಒಂದೇ ತಲೆಯಲ್ಲಿ ಹೀಗೆ ಬೇರೆ ಬೇರೆ ಇರುವುದು ತುಂಬಾ ಸಾಮಾನ್ಯ. ಎಲ್ಲ ಕಡೆ ಒಂದೇ ಉದ್ದ ಹಿಡಿದು ಒದ್ದೆ ಕೂದಲು ಕತ್ತರಿಸಿದರೆ, ಒಣಗಿದ ಮೇಲೆ ನೆತ್ತಿ ಮೇಲಕ್ಕೆ ಹಾರಿ ಹಿಂದೆ ಬಾಲದ ಹಾಗೆ ಉಳಿಯುವುದು ಇದಕ್ಕೇ.

ಎರಡನೆಯದು ಸುರುಳಿಯ ಅಗಲ. ಅವರ ನೆತ್ತಿಯ ಸುರುಳಿ ಸುಮಾರು ಒಂದು ಇಂಚು ಅಗಲ. ಅಷ್ಟು ಅಗಲದ ಸುರುಳಿ ಒಂದು ಪೂರ್ತಿ ಸುತ್ತು ಹಾಕಲು ಮೂರು ಇಂಚಿಗಿಂತ ಸ್ವಲ್ಪ ಜಾಸ್ತಿ ಕೂದಲು ಬೇಕು. ಸುತ್ತು ಪೂರ್ತಿಯಾದ ಕೂದಲು ಪಕ್ಕದ ಸುರುಳಿಯ ಜೊತೆ ಸೇರಿ ಕೂರುತ್ತದೆ. ಅರ್ಧ ಸುತ್ತಿಗೇ ಕತ್ತರಿಸಿದರೆ ತುದಿ ಎತ್ತ ಬೇಕಾದರೂ ತಿರುಗಿ ನಿಲ್ಲುತ್ತದೆ. ಅವರು ತಂದ ಫೋಟೋದಲ್ಲಿ ನೆತ್ತಿಯ ಕೂದಲು ಹೆಚ್ಚೆಂದರೆ ಎರಡು ಇಂಚು. ಅದನ್ನೇ ಇವರಿಗೆ ಮಾಡಿದರೆ ಮಲಗಿ ಎದ್ದಾಗ ದಿಂಬಿಗೆ ಒತ್ತಿದ ಕಡೆ ಚಪ್ಪಟೆ, ಉಳಿದ ಕಡೆ ನಿಗುರಿದ ಕೂದಲು. ದಿನಾ ಮುಂಜಾನೆ ತಲೆ ಪೂರ್ತಿ ಒದ್ದೆ ಮಾಡದೆ ಅದು ಸರಿಹೋಗುವುದಿಲ್ಲ. ಜೊತೆಗೆ ಅಷ್ಟು ಗಿಡ್ಡ ಕಟ್‌ನ ಆಕಾರ ಐದಾರು ವಾರಕ್ಕೇ ಕೆಡುತ್ತದೆ. ಮುಂಜಾನೆ ಉಳಿಸಿದ ಸಮಯ ಪಾರ್ಲರ್‌ನಲ್ಲಿ ಹೋಗುತ್ತದೆ, ಅಲ್ವಾ?

ಹಾಗಾದರೆ ಗದ್ದದ ಮಟ್ಟಕ್ಕೆ ಒಂದೇ ಸಮ ಕತ್ತರಿಸಿದ ಬಾಬ್ ಕಟ್? ಅದನ್ನೂ ಬೇಡ ಅಂದೆ. ದಟ್ಟ ಗುಂಗುರು ಕೂದಲನ್ನು ಒಂದೇ ಗೆರೆಗೆ ಕತ್ತರಿಸಿದರೆ ತುದಿಗಳೆಲ್ಲ ಒಂದೇ ಮಟ್ಟದಲ್ಲಿ ಬಂದು ಅಲ್ಲೇ ಭಾರ ಸೇರುತ್ತದೆ. ಮೇಲೆ ತಲೆಗೆ ಅಂಟಿದ ಹಾಗೆ, ಕಿವಿಯಿಂದ ಕೆಳಗೆ ತ್ರಿಕೋನದ ಹಾಗೆ ಅಗಲ. ಆ ಅಗಲ ಇಳಿಸಲು ಕೊನೆಗೆ ಕ್ಲಿಪ್ಪು, ಗಂಟು ಎಲ್ಲ ವಾಪಸ್ ಬರುತ್ತವೆ.

ನಾವು ಒಪ್ಪಿಕೊಂಡದ್ದು ಲೇಯರ್ ಇರುವ ದುಂಡು ಕಟ್. ಕುತ್ತಿಗೆಯ ಮೇಲೆ ಕೂತಾಗ ಎರಡು ಇಂಚು, ನೆತ್ತಿಯಲ್ಲಿ ಕೂತಾಗ ನಾಲ್ಕು ಇಂಚಿನ ಮೇಲೆ ಸ್ವಲ್ಪ, ಪಕ್ಕದಲ್ಲಿ ಕಿವಿಯ ಹಾಲೆಯಿಂದ ಸ್ವಲ್ಪ ಕೆಳಗೆ. ನೆತ್ತಿಯ ಲೆಕ್ಕ ಹೀಗೆ: 15ಕ್ಕೆ 9 ಆದರೆ, ನಾಲ್ಕು ಇಂಚು ಕೂರಲು ಎಳೆದಾಗ ಆರೂಮುಕ್ಕಾಲು ಇಂಚು ಇರಬೇಕು. ಅಷ್ಟು ಉದ್ದದಲ್ಲಿ ಎರಡು ಸುತ್ತು ಬರುತ್ತದೆ, ಸುರುಳಿ ತನ್ನ ಭಾರಕ್ಕೇ ಕೆಳಗೆ ಕೂರುತ್ತದೆ. ಆದರೆ ಉದ್ದ ಹೋದಾಗ ಜಗ್ಗುವ ಭಾರವೂ ಹೋಗಿ ಸುರುಳಿ ಇನ್ನಷ್ಟು ಮೇಲೇಳುತ್ತದೆ. ಅದಕ್ಕೇ ಮೊದಲ ಸಲ ಕತ್ತರಿಸುವಾಗ, ಎಳೆದರೆ ಎಂಟು ಇಂಚು ಬರುವಷ್ಟು ಬಿಟ್ಟೆ. ಕುತ್ತಿಗೆಯಲ್ಲಿ ಸುರುಳಿ ಸಡಿಲ, ಕೂದಲು ಹುಟ್ಟುವುದೂ ಕೆಳಮುಖವಾಗಿ. ಹಾಗಾಗಿ ಅಲ್ಲಿ ಗಿಡ್ಡ ಮಾಡಿದರೂ ನಿಗುರುವುದಿಲ್ಲ.

ಮುಂದಿನ ಕೂದಲಿನ ವಿಷಯದಲ್ಲಿ ಸ್ವಲ್ಪ ಮಾತು ನಡೆಯಿತು. ಅವರಿಗೆ ಹಣೆಯ ಮೇಲೆ ಗಿಡ್ಡ ಸುರುಳಿ ಬೇಕಿತ್ತು. "ಮಾಸ್ಕ್ ಹಾಕೊಂಡು, ಕೈಗೆ ಗ್ಲೌಸ್ ಹಾಕೊಂಡು ಕೆಲಸ ಮಾಡೂವಾಗ ಕಣ್ಣಿಗೆ ಬಂದ್ರ ಏನ್ ಮಾಡ್ತೀರಿ?" ಅಂತ ಕೇಳಿದೆ. ಎಳೆದರೆ ಗದ್ದ ಮುಟ್ಟುವಷ್ಟು ಬಿಡೋಣ ಎಂದಾಯಿತು. ಸುಮ್ನೆ ಬಿಟ್ಟರೆ ಕೆನ್ನೆಯ ಮೂಳೆಯ ಹತ್ತಿರ ಕೂರುತ್ತದೆ, ಬೇಕಾದಾಗ ಕಿವಿ ಹಿಂದೆ ಸಿಗಿಸಬಹುದು. ಅಷ್ಟಿದ್ದರೆ ಹಬ್ಬದ ದಿನ ಪಕ್ಕಕ್ಕೆ ಪಿನ್ ಹಾಕಿ ಒಂದು ತುಂಡು ಮಲ್ಲಿಗೆ ಮಾಲೆಯೂ ನಿಲ್ಲುತ್ತದೆ. ಅವರ ಅತ್ತೆಯವರಿಗೆ ಬೇಕಾದದ್ದು ಅದೊಂದೇ ಅಂತೆ.

ಉದ್ದ ತೆಗೆಯುವಾಗ ಎಲ್ಲವನ್ನೂ ಒಂದು ಜುಟ್ಟಿಗೆ ಕಟ್ಟಿ ಕತ್ತರಿಸಬಾರದು. ಹಿಂದೆ ಕಟ್ಟಿದ ಜುಟ್ಟಿಗೆ ಮುಂದಿನ ಕೂದಲು ದೂರದಿಂದ ಬರುತ್ತದೆ, ಕುತ್ತಿಗೆಯದು ಹತ್ತಿರದಿಂದ. ಕತ್ತರಿಸಿದ ಮೇಲೆ ಮುಂದೆ ಉದ್ದ, ಹಿಂದೆ ಕೆಳಗೆ ಬೇಕಾದ್ದಕ್ಕಿಂತ ಗಿಡ್ಡ ಆಗಿಬಿಡುತ್ತದೆ. ನಾನು ತಲೆಯನ್ನು ಭಾಗ ಮಾಡಿ ಹಲವು ಸಣ್ಣ ಜುಟ್ಟು ಕಟ್ಟಿ, ಒಂದೊಂದನ್ನೂ ಅಲ್ಲಲ್ಲಿಗೇ ತೆಗೆಯುತ್ತೇನೆ. ಆಮೇಲೆ ಒಣ ಕೂದಲಿನಲ್ಲೇ ಒಂದೊಂದು ಸುರುಳಿ ಹಿಡಿದು ಆಕಾರ ಕೊಡುವುದು. ಸುರುಳಿ ಒಳಗೆ ಬಾಗುವ ಜಾಗದಲ್ಲಿ ಕತ್ತರಿಸಿದರೆ ತುದಿ ಒಳಗೆ ಸೇರುತ್ತದೆ. ಹೊರಗೆ ಉಬ್ಬುವ ಜಾಗದಲ್ಲಿ ಕತ್ತರಿಸಿದರೆ ಕೊಂಬಿನ ಹಾಗೆ ಎದ್ದು ಕಾಣುತ್ತದೆ.

ದಟ್ಟ ಕೂದಲು ಕಂಡ ಕೂಡಲೇ ಹಲ್ಲಿನ ಕತ್ತರಿ ಹಿಡಿದು ತೆಳು ಮಾಡುವ ಅಭ್ಯಾಸ ಹಲವು ಕಡೆ ಇದೆ. ಗುಂಗುರು ಕೂದಲಿಗೆ ನಾನು ಅದನ್ನು ಮುಟ್ಟುವುದೇ ಇಲ್ಲ. ಅದು ಪ್ರತಿ ಸುರುಳಿಯಲ್ಲೂ ಕೆಲವು ಎಳೆಗಳನ್ನು ನಡುವೆಯೇ ಕತ್ತರಿಸುತ್ತದೆ. ಆ ತುಂಡು ಎಳೆಗಳು ಸುರುಳಿಯಿಂದ ಹೊರಬಿದ್ದು ಜುಂಗು ಜುಂಗಾಗಿ ನಿಲ್ಲುತ್ತವೆ, ಬೆಳೆಯುತ್ತಾ ಮೇಲಿನ ಕೂದಲನ್ನು ಹೊರಕ್ಕೆ ದೂಡುತ್ತವೆ. ಅಂಗಡಿಯಿಂದ ಹೊರಡುವಾಗ ಹಗುರ ಅನಿಸಿದ ತಲೆ ಸ್ವಲ್ಪ ದಿನಕ್ಕೇ ಮೊದಲಿಗಿಂತ ಅಗಲ ಆಗುತ್ತದೆ. ಭಾರ ಇಳಿಸಲೇಬೇಕಾದರೆ ಕಿವಿಯ ಹಿಂದಿನ ಒಳಪದರದಲ್ಲಿ ಅಲ್ಲೊಂದು ಇಲ್ಲೊಂದು ಇಡೀ ಸುರುಳಿಯನ್ನೇ ಆರಿಸಿ ಗಿಡ್ಡ ಮಾಡುತ್ತೇನೆ. ಉಳಿದ ಸುರುಳಿಗಳು ಇಡಿಯಾಗಿರುತ್ತವೆ, ನಡುವೆ ಜಾಗ ಸಿಗುತ್ತದೆ. ಇದಕ್ಕೆ ಸಮಯ ಹಿಡಿಯುತ್ತದೆ. ಆದರೆ ದಟ್ಟ ಕೂದಲಿನ ಕಟ್ ಉಳಿಯುವುದು ಇದರಿಂದಲೇ.

ಆಮೇಲೆ ತೊಳೆದು, ಕಂಡೀಶನರ್ ಹಚ್ಚಿ ಹಲ್ಲು ಅಗಲ ಇರುವ ಬಾಚಣಿಗೆಯಿಂದ ಬಿಡಿಸಿ, ಹಳೆ ಪಂಚೆಯಿಂದ ಒತ್ತಿ ನೀರು ತೆಗೆದು ಪೂರ್ತಿ ಒಣಗಲು ಬಿಟ್ಟೆ. ಒಣಗಿದ ಮೇಲೆ ತಲೆ ಕೊಡವಲು ಹೇಳಿದೆ. ಕೊಡವಿದಾಗ ಕಿವಿಯ ಬಳಿಯ ಅಗಲ ನೆತ್ತಿಯ ಅಗಲಕ್ಕಿಂತ ಜಾಸ್ತಿ ಕಂಡರೆ ಲೇಯರ್ ಸಾಲದು ಅಂತ ಅರ್ಥ. ಹಿಂದೆ ಕುತ್ತಿಗೆಯ ಗಿಡ್ಡ ಕೂದಲಿನ ಮೇಲೆ ಮೆಟ್ಟಿಲಿನ ಹಾಗೆ ಗೆರೆ ಕಂಡರೆ ಎರಡು ಭಾಗ ಕೂಡಿಲ್ಲ. ಇವರಿಗೆ ಬಲಗಿವಿಯ ಮೇಲೆ ಉಬ್ಬು ಕಂಡಿತು. ಅಲ್ಲಿ ಮೂರ್ನಾಲ್ಕು ಸುರುಳಿ ಗಿಡ್ಡ ಮಾಡಿದೆ. ನೆತ್ತಿಯ ಉಳಿದ ಒಂದು ಇಂಚನ್ನು ಅವತ್ತು ತೆಗೆಯಲಿಲ್ಲ. ವರ್ಷಗಟ್ಟಲೆ ಗಂಟು ಕಟ್ಟಿದ ಕೂದಲು ಒಂದೆರಡು ಸಲ ತೊಳೆದ ಮೇಲೆ ಇನ್ನೂ ಬಿಗಿಯಾಗುತ್ತದೆ. ಎರಡು ವಾರ ಬಿಟ್ಟು ಬಂದಾಗ ನೋಡಿದರೆ ತೆಗೆಯಬೇಕಾದದ್ದು ಅರ್ಧ ಇಂಚು ಮಾತ್ರ ಇತ್ತು.

ಮುಂಜಾನೆಗೆ ನಾನು ಹೇಳಿಕೊಟ್ಟದ್ದು ಇಷ್ಟು. ತಲೆಸ್ನಾನ ಸಂಜೆ ಮಾಡಿಕೊಂಡು, ಮಲಗುವ ಮೊದಲು ಒಣಗಿಸಿಕೊಳ್ಳಬೇಕು. ದಿಂಬಿಗೆ ಹಳೆ ರೇಷ್ಮೆ ಸೀರೆಯ ತುಂಡಿನ ಕವರ್ ಹಾಕಬೇಕು, ಹತ್ತಿ ಬಟ್ಟೆ ಸುರುಳಿಯನ್ನು ಉಜ್ಜಿ ಕೆದರಿಸುತ್ತದೆ. ಮುಂಜಾನೆ ಬಾಚಣಿಗೆ ಬೇಡ. ಸ್ಪ್ರೇ ಬಾಟಲಿಯಲ್ಲಿ ಒಂದು ಲೋಟ ನೀರಿಗೆ ಒಂದು ಟೀ ಚಮಚ ಕಂಡೀಶನರ್ ಕಲಕಿಟ್ಟುಕೊಂಡು, ಚಪ್ಪಟೆಯಾದ ಕಡೆ ಮಾತ್ರ ಸಿಂಪಡಿಸಿ, ಸುರುಳಿಯನ್ನು ಅಂಗೈಯಲ್ಲಿ ಕೆಳಗಿಂದ ಮೇಲಕ್ಕೆ ಮೆಲ್ಲಗೆ ಹಿಡಿದು ಬಿಡಬೇಕು. ಎಲ್ಲ ಸೇರಿ ಎರಡು ಮೂರು ನಿಮಿಷದ ಕೆಲಸ. ಕೊಬ್ಬರಿ ಎಣ್ಣೆ ಬೇಕೆಂದರೆ ಸ್ನಾನಕ್ಕೆ ಮೊದಲು.

ಹೆಲ್ಮೆಟ್ ಬಗ್ಗೆ ಅವರೇ ಕೇಳಿದರು. ಕೂದಲು ಯಾವ ಆಕಾರದಲ್ಲಿ ಒಣಗುತ್ತದೋ ಅದೇ ಆಕಾರ ಹಿಡಿಯುತ್ತದೆ. ಹಸಿ ತಲೆಗೆ ಹೆಲ್ಮೆಟ್ ಹಾಕಿದರೆ ದಿನವಿಡೀ ಅದೇ ಅಚ್ಚು. ಹಾಗಾಗಿ ಹೆಲ್ಮೆಟ್ ಹಾಕುವ ದಿನ ನೀರು ಸಿಂಪಡಿಸುವುದು ಆಸ್ಪತ್ರೆ ತಲುಪಿದ ಮೇಲೆ. ಮನೆಯಿಂದ ಹೊರಡುವಾಗ ಒಣ ತಲೆಗೆ ತೆಳು ರೇಷ್ಮೆ ಸ್ಕಾರ್ಫ್ ಕಟ್ಟಿ ಅದರ ಮೇಲೆ ಹೆಲ್ಮೆಟ್. ತೆಗೆದ ಮೇಲೆ ಬೆರಳನ್ನು ಕೂದಲಿನ ಬುಡಕ್ಕೆ ಇಟ್ಟು ಅಲ್ಲಾಡಿಸಿದರೆ ನೆತ್ತಿ ಏಳುತ್ತದೆ. ಎರಡು ಸುತ್ತಿನ ಉದ್ದ ಇರುವುದರಿಂದ ಸುರುಳಿ ಮತ್ತೆ ಸೇರಿಕೊಳ್ಳುತ್ತದೆ.

ಹೇರ್ ಸ್ಟ್ರೇಟನಿಂಗ್ ಅಥವಾ ಸ್ಮೂದನಿಂಗ್ ಮಾಡಿಸಿಕೊಂಡವರಿಗೆ ಈ ಅಳತೆ ನಡೆಯುವುದಿಲ್ಲ. ಆ ಭಾಗದ ಕೂದಲು ಮತ್ತೆ ಸುರುಳಿ ಆಗುವುದಿಲ್ಲ. ಬುಡದಿಂದ ಹೊಸ ಗುಂಗುರು ಕೂದಲು ಎಳೆದಾಗ ಆರೇಳು ಇಂಚು ಬರುವವರೆಗೆ ಕಾಯಿರಿ ಎನ್ನುತ್ತೇನೆ. ಕೂದಲು ತಿಂಗಳಿಗೆ ಸುಮಾರು ಅರ್ಧ ಇಂಚು ಬೆಳೆಯುವುದರಿಂದ ಅದಕ್ಕೆ ಒಂದು ವರ್ಷವೇ ಬೇಕು.

ಈ ನರ್ಸ್ ಈಗ ಸುಮಾರು ಮೂರು ತಿಂಗಳಿಗೊಮ್ಮೆ ಬರುತ್ತಾರೆ. ಮೊದಲು ಕೆಡುವುದು ಕುತ್ತಿಗೆಯ ಭಾಗ, ಅದು ಕಾಲರ್‌ಗೆ ತಾಗಿ ಹೊರಕ್ಕೆ ಮಡಚಿಕೊಳ್ಳುತ್ತದೆ. ನಡುವೆ ಒಮ್ಮೆ ಅಷ್ಟನ್ನು ಮಾತ್ರ ಕತ್ತರಿಯಲ್ಲಿ ಸರಿ ಮಾಡಿಕೊಡುತ್ತೇನೆ. ಮಷೀನ್ ಹಾಕುವುದಿಲ್ಲ, ಹಾಕಿದರೆ ತಿಂಗಳೊಳಗೆ ಆ ಜಾಗ ಮುಳ್ಳು ಮುಳ್ಳಾಗಿ ಮತ್ತೆ ಬರಬೇಕಾಗುತ್ತದೆ.