ಒಂದು ಕಾಫಿ ಚೀಟಿಯಿಂದ ಮೂರು ನಾರ್ಮಲ್ ಫಾರ್ಮ್

ಚಿಕ್ಕಮಗಳೂರಿನಲ್ಲಿ ಬಿಸಿಎ ಮಕ್ಕಳಿಗೆ ಡೇಟಾಬೇಸ್ ಪಾಠ ಮಾಡ್ತೀನಿ. ಒಂದೇ ಮಾಹಿತಿ ಸುಮ್ಮನೆ ಹಲವು ಸಲ ಬರದ ಹಾಗೆ ಟೇಬಲ್ ಒಡೆಯೋ ನಾರ್ಮಲೈಸೇಶನ್ ಲೆಕ್ಚರ್ ಮೊದಲು ಬರೀ ವ್ಯಾಖ್ಯೆಗಳಲ್ಲೇ ಮುಗಿಯುತ್ತಿತ್ತು. ಈ ಸಲ ಕಾಫಿ ಮಂಡಿಯ ಖರೀದಿ ಚೀಟಿ ಹಿಡಿದು, ಪ್ರತಿ ಹಂತಕ್ಕೂ ಹಿಂದಿನ ಟೇಬಲ್, ಮುಂದಿನ ಟೇಬಲ್ ಅಂತ ಬರೆದೆ.

ಚೀಟಿಯಲ್ಲಿ ಒಂದೇ ಖಾನೆಯಲ್ಲಿ "ಪಾರ್ಚ್‌ಮೆಂಟ್ 6, ರೋಬಸ್ಟಾ ಚೆರಿ 4" ಅಂತ ಇರುತ್ತೆ. ಒಂದೊಂದು ಬಗೆಗೆ ಒಂದೊಂದು ಸಾಲು ಮಾಡಿದರೆ ಮೊದಲನೇ ಫಾರ್ಮ್ ಆಯಿತು:

| ಚೀಟಿ | ಬಗೆ | ಮೂಟೆ | ಬೆಳೆಗಾರ | ಊರು |
|---|---|---|---|---|
| 101 | ಪಾರ್ಚ್‌ಮೆಂಟ್ | 6 | ಬೆ1 | ಆಲ್ದೂರು |
| 101 | ರೋಬಸ್ಟಾ ಚೆರಿ | 4 | ಬೆ1 | ಆಲ್ದೂರು |
| 102 | ರೋಬಸ್ಟಾ ಚೆರಿ | 9 | ಬೆ2 | ಗೋಣಿಬೀಡು |
| 103 | ಅರೇಬಿಕಾ ಚೆರಿ | 3 | ಬೆ1 | ಆಲ್ದೂರು |

ಇಲ್ಲಿ ಒಂದೊಂದು ಸಾಲನ್ನೂ ಗುರುತಿಸುವ ಕೀ ಎಂದರೆ ಚೀಟಿ ಮತ್ತು ಬಗೆ, ಎರಡೂ ಸೇರಿ. ಮೂಟೆ ಎಷ್ಟು ಅಂತ ಹೇಳಲು ಎರಡೂ ಬೇಕು. ಬೆಳೆಗಾರ ಯಾರು ಅಂತ ಹೇಳಲು ಚೀಟಿ ನಂಬರ್ ಒಂದೇ ಸಾಕು. ಅದಕ್ಕೇ 101ರಲ್ಲಿ ಬೆ1 ಎರಡು ಸಲ ಬಂದಿದೆ. ಚೀಟಿ, ಬಗೆ, ಮೂಟೆ ಒಂದು ಟೇಬಲ್ಲಿಗೆ ಹೋದವು. ಉಳಿದದ್ದು ಇನ್ನೊಂದಕ್ಕೆ ಹೋದರೆ ಎರಡನೇ ಫಾರ್ಮ್ ಆಯಿತು:

| ಚೀಟಿ | ಬೆಳೆಗಾರ | ಊರು |
|---|---|---|
| 101 | ಬೆ1 | ಆಲ್ದೂರು |
| 102 | ಬೆ2 | ಗೋಣಿಬೀಡು |
| 103 | ಬೆ1 | ಆಲ್ದೂರು |

ಮೊದಲ ಸಲ ಬರೆದಾಗ ನನ್ನ ಹತ್ತಿರ 103ನೇ ಚೀಟಿ ಇರಲೇ ಇಲ್ಲ. "ಇದರಲ್ಲಿ ತಪ್ಪೇನಿದೆ ಸಾರ್, ಏನೂ ಎರಡು ಸಲ ಬಂದಿಲ್ವಲ್ಲ?" ಅಂತ ಒಬ್ಬಳು ಕೇಳಿದಳು. ಅವಳು ಕೇಳಿದ್ದು ಸರಿ. ಊರು ಬೆಳೆಗಾರನ ಮೇಲೆ ನಿಂತಿದೆ, ಚೀಟಿಯ ಮೇಲಲ್ಲ ಅನ್ನೋದು ಕಣ್ಣಿಗೆ ಕಾಣಬೇಕಾದರೆ, ಅದೇ ಬೆಳೆಗಾರ ಇನ್ನೊಂದು ಸಲ ಬರಲೇಬೇಕು. ಆ ಒಂದು ಸಾಲು ಸೇರಿಸಿದ ಮೇಲೆ ಕ್ಲಾಸು ತಾನಾಗಿಯೇ ಊರನ್ನು ಬೇರೆ ತೆಗೆಯಿತು:

| ಬೆಳೆಗಾರ | ಊರು |
|---|---|
| ಬೆ1 | ಆಲ್ದೂರು |
| ಬೆ2 | ಗೋಣಿಬೀಡು |

ಚೀಟಿ ಟೇಬಲ್ಲಿನಲ್ಲಿ ಚೀಟಿ, ಬೆಳೆಗಾರ ಮಾತ್ರ ಉಳಿದವು. ಇದು ಮೂರನೇ ಫಾರ್ಮ್. ಒಡೆದದ್ದು ಸರಿಯೋ ಅಂತ ನೋಡಲು ಮೂರನ್ನೂ ಜಾಯಿನ್ ಮಾಡಿಸಿದೆ. ಮೊದಲಿನ 4 ಸಾಲೇ ವಾಪಸ್ ಬಂತು. ಒಂದು ಸಾಲು ಜಾಸ್ತಿ ಬಂದರೂ ಎಲ್ಲೋ ತಪ್ಪಾಗಿ ಒಡೆದಿದ್ದೀವಿ ಅಂತಲೇ ಅರ್ಥ.

ಕೊನೆಗೆ ಮೂಟೆಯ ರೇಟ್ ಕಾಲಂ ಸೇರಿಸಿ, ಇದು ಎಲ್ಲಿಗೆ ಹೋಗಬೇಕು ಅಂತ ಕೇಳಿದೆ. ಹೆಚ್ಚಿನವರು ಬಗೆಗೊಂದು ಹೊಸ ಟೇಬಲ್ ಮಾಡಿ, ಅದರಲ್ಲಿ ರೇಟ್ ಇಟ್ಟರು. ನೋಡಲು ಎರಡನೇ ಫಾರ್ಮಿನ ಹಾಗೇ ಇದೆ ಅಲ್ವಾ? ಆದರೆ ನಾಳೆ ರೋಬಸ್ಟಾ ರೇಟ್ ಬದಲಿಸಿದರೆ, ಹೋದ ವಾರದ ಚೀಟಿಯ ದುಡ್ಡೂ ಬದಲಾಗಿಬಿಡುತ್ತೆ. ತೋಟದ ಮನೆಯ ಹುಡುಗನೊಬ್ಬ ಎದ್ದು, "ಒಂದೇ ದಿನ ಕೊಟ್ಟರೂ ಔಟ್‌ಟರ್ನ್, ಅಂದ್ರೆ ಸಿಪ್ಪೆ ತೆಗೆದ ಮೇಲೆ ಎಷ್ಟು ಬೀಜ ಸಿಗುತ್ತೆ ಅಂತ ನೋಡಿ ಒಬ್ಬೊಬ್ಬರಿಗೆ ಒಂದೊಂದು ರೇಟ್ ಹಾಕ್ತಾರೆ ಸಾರ್" ಅಂದ. ಅಂದರೆ ರೇಟ್ ಹೇಳಲು ಚೀಟಿಯೂ ಬೇಕು, ಬಗೆಯೂ ಬೇಕು. ಅದನ್ನು ಮತ್ತೆ ಮೂಟೆಯ ಪಕ್ಕಕ್ಕೇ ತಂದು ಬರೆದೆವು.