ಟೊಮೆಟೊ ದರ ನೋಡಿ ಕೃಷಿ ಡೇಟಾ ಹಿಡಿದೆ

ಡೇಟಾ ಸೈನ್ಸ್ ಕೆಲಸಕ್ಕೆ ಸೇರಿ ಒಂದು ವರ್ಷ ಆಗಿತ್ತು. ಆರೋಗ್ಯ, ಕೃಷಿ ಎರಡೂ ಇಷ್ಟ. ಯಾವುದನ್ನು ಹಿಡಿಯೋದು ಅಂತ ತಲೆ ಕೆಡಿಸಿಕೊಳ್ಳುವ ಬದಲು, ಎರಡಕ್ಕೂ ಒಂದೊಂದು ತಿಂಗಳ ಶನಿವಾರ, ಭಾನುವಾರ ಕೊಟ್ಟು ಕೆಲಸ ಮಾಡಿಯೇ ನೋಡಿದೆ.

ಮೊದಲು ಆರೋಗ್ಯ. ಕಲಿಯುವವರೆಲ್ಲ ಬಳಸುವ ಪಿಮಾ ಡಯಾಬಿಟಿಸ್ ಡೇಟಾ ತೆಗೆದುಕೊಂಡೆ, 768 ಮಹಿಳೆಯರ ಮಾಹಿತಿ. ಅದರಲ್ಲಿ 35 ಜನರ ಬಿಪಿ ಸೊನ್ನೆ ಅಂತಿದೆ. ಬದುಕಿರುವವರ ಬಿಪಿ ಸೊನ್ನೆ ಇರಲ್ಲ, ಅಳೆದಿಲ್ಲ ಅಂತ ಅರ್ಥ, ಅಷ್ಟು ಹೊಳೆಯಿತು. ಆದರೆ 374 ಜನರ ಇನ್ಸುಲಿನ್ನೂ ಸೊನ್ನೆ! ಅದು ನಿಜವಾದ ಸೊನ್ನೆಯೋ, ಪರೀಕ್ಷೆಯ ಫಲಿತಾಂಶವೇ ಇಲ್ಲವೋ? ನನಗೆ ಹೇಳಲು ಬರಲಿಲ್ಲ, ಕೇಳೋಣ ಅಂದರೆ ಪರಿಚಯದ ಡಾಕ್ಟರೂ ಇರಲಿಲ್ಲ. ಅದೂ ಬಿಟ್ಟುಹೋದ ಮಾಹಿತಿಯೇ ಅಂತ ತಿಂಗಳಾದ ಮೇಲೆ ಎಲ್ಲೋ ಓದಿ ತಿಳಿಯಿತು.

ಆಮೇಲೆ ಟೊಮೆಟೊ. ಆಫೀಸಿನಲ್ಲಿ ಒಂದು ಮಂಡಿಯ ದಿನದ ದರಗಳ ಹಳೇ ಫೈಲ್ ಇತ್ತು, ಎಲ್ಲಾ ಕ್ವಿಂಟಾಲ್ ಲೆಕ್ಕ. 2,600, 2,700 ಅಂತ ಹೋಗುತ್ತಿದ್ದ ದರ ಒಂದು ದಿನ 400, ಮರುದಿನ ಮತ್ತೆ 2,650. ನಾನು ಕಲಿತಿದ್ದ ಪ್ರಕಾರ ಆ ಸಾಲನ್ನು ಕಿತ್ತು ಹಾಕಬೇಕು. ಆದರೆ ನಮ್ಮ ಮಾವ ಟೊಮೆಟೊ ಬೆಳೆಯುವವರು, ಸುಮ್ನೆ ಅವರಿಗೊಂದು ಫೋನ್ ಮಾಡಿದೆ. ಕೇಳಿದ ತಕ್ಷಣ ಅಂದರು, "ಅದು ಕ್ವಿಂಟಾಲ್ ರೇಟಲ್ಲಪ್ಪ, ಬಾಕ್ಸ್ ರೇಟು." ನಮ್ಮ ಕಡೆ ಹರಾಜು ನಡೆಯುವುದು 15 ಕೆಜಿ ಬಾಕ್ಸ್ ಲೆಕ್ಕದಲ್ಲಿ. 400ನ್ನು 15ರಿಂದ ಭಾಗಿಸಿ 100ರಿಂದ ಗುಣಿಸಿ, ಸುಮಾರು 2,667 ಬರುತ್ತದೆ. ಸರಿಯಾಗಿ ಕೂತಿತು!

ಕಡಿಮೆ ಇರುವ ದರಗಳನ್ನೆಲ್ಲ ಹೀಗೇ ಗುಣಿಸಿಬಿಡೋಣ ಅಂತ ಹೊರಟಾಗ ಮಾವನೇ ತಡೆದರು. ಮಾಲು ಜಾಸ್ತಿ ಬಂದಾಗ ಬಾಕ್ಸ್ 60 ರೂಪಾಯಿಗೂ ಹೋಗುತ್ತದೆ, ಕ್ವಿಂಟಾಲಿಗೆ ಅದೂ 400ರೂಪಾಯಿಯೇ ಅಲ್ವಾ? ಅಂಥ ದಿನಗಳಲ್ಲಿ ರೈತ ಕೊಯ್ಲಿನ ಕೂಲಿಯೂ ಹುಟ್ಟದೆ ಹಣ್ಣನ್ನು ರಸ್ತೆಗೆ ಸುರಿದಿರುತ್ತಾನೆ, ನಾನು ಅದನ್ನು 2,667 ಅಂತ ತಿದ್ದಿದರೆ ಅವನ ನಷ್ಟವೇ ಫೈಲಿನಿಂದ ಅಳಿಸಿಹೋಗುತ್ತದೆ. ಹಾಗಾಗಿ ಮೂರು ವಿಷಯ ನೋಡಿ ತಿದ್ದಲು ಶುರುಮಾಡಿದೆ: ಹಿಂದಿನ, ಮುಂದಿನ ದಿನದ ದರ, ಅವತ್ತಿನ ಆವಕ, ಪಕ್ಕದ ಮಂಡಿಯ ದರ. ನಿಜವಾಗಿ ದರ ಬಿದ್ದಿದ್ದರೆ ಸಾಮಾನ್ಯವಾಗಿ ಅದು ಅಕ್ಕಪಕ್ಕದ ದಿನಗಳಲ್ಲೂ ಇಳಿದಿರುತ್ತದೆ, ಪಕ್ಕದ ಮಂಡಿಯಲ್ಲೂ ಇಳಿದಿರುತ್ತದೆ. ಒಂದೇ ದಿನ, ಒಂದೇ ಕಡೆ ಬಿದ್ದಿದ್ದರೆ ಬಾಕ್ಸಿನ ಅನುಮಾನ.

ಆರಿಸಿಕೊಂಡದ್ದು ಇಷ್ಟರ ಮೇಲೇ. ಎರಡೂ ಕಡೆ ಮಾಡೆಲ್ ಕಟ್ಟುವ ಕೆಲಸ ಹೆಚ್ಚುಕಡಿಮೆ ಒಂದೇ ಇತ್ತು, ಆದರೆ ಒಂದು ಅಂಕಿ ತಪ್ಪು ಅನಿಸಿದಾಗ ಯಾರಿಗೆ ಫೋನ್ ಮಾಡಬೇಕು ಅನ್ನೋದು ಕೃಷಿಯಲ್ಲಿ ಮಾತ್ರ ಗೊತ್ತಿತ್ತು. ನನ್ನ ಜೊತೆ ಕೆಲಸ ಮಾಡುವ ಒಬ್ಬಳ ಅಮ್ಮ ನರ್ಸ್, ಇದೇ ಕಾರಣಕ್ಕೆ ಅವಳು ಆರೋಗ್ಯ ಹಿಡಿದಳು.

ಟೊಮೆಟೊ ಗೊತ್ತಿದ್ದರೆ ಅಡಿಕೆ ಗೊತ್ತಾಗಲ್ಲ. ಈಗ ಅಡಿಕೆ ಫೈಲ್ ಬಂದಿದೆ, ರಾಶಿ, ಚಾಲಿ ಅಂತ ಒಂದೊಂದು ಬಗೆಯ ಅಡಿಕೆಗೂ ಬೇರೆ ಬೇರೆ ದರ. ಮಾವನಿಗೂ ಅದು ತಿಳಿಯದು, ಕೇಳಿ ತಿಳಿಯಲು ಮುಂದಿನ ವಾರ ಶಿರಸಿಯ ಅಡಿಕೆ ಮಂಡಿಗೆ ಹೋಗುತ್ತಿದ್ದೇನೆ.