ಹಳೇ ಡಿಸ್ಕ್ ಡಬ್ಬಿಯಿಂದ ವಾಪಸ್ ಬಂದ ಸ್ಟೀಮ್ ಅಕೌಂಟ್

"ಹೊಸ ಅಕೌಂಟ್ ಮಾಡ್ಕೊ ಮಾರಾಯ, ಅದು ಹೋಯ್ತು" ಅಂತ ರೂಮ್‌ಮೇಟ್ ಅಂದಿದ್ದ. ಮೂರು ವಾರದ ಮೇಲೆ ಅದೇ ಅಕೌಂಟಲ್ಲಿ ಅವನ ಜೊತೆ ಆಡಿದೆ.

ಕಂಪ್ಯೂಟರ್ ಆಟ ಕೊಂಡು ಆಡೋ ಸ್ಟೀಮ್‌ನಲ್ಲಿ ನನ್ನ ಅಕೌಂಟ್ ಕಳವಾಗಿತ್ತು. ತಪ್ಪು ನನ್ನದೇ. ಗೆಳೆಯನ ಅಕೌಂಟಿಂದ "ನಮ್ಮ ಟೀಮಿಗೆ ವೋಟ್ ಹಾಕು" ಅಂತ ಲಿಂಕ್ ಬಂತು. ಲಾಗಿನ್ ಪುಟ ಥೇಟ್ ಅಸಲಿಯಂತೆಯೇ ಇತ್ತು. ಲಾಗಿನ್ ಖಚಿತಪಡಿಸೋ ಸ್ಟೀಮ್ ಗಾರ್ಡ್ ಕೋಡ್ ಹಾಕಿದರೆ ತಪ್ಪು ಅಂದಿತು, ಎರಡನೇ ಸಲವೂ ಹಾಕಿದೆ. ಇಮೇಲ್ ಬದಲಾದ ಸೂಚನೆ ಹೋಗಿದ್ದು ನನ್ನ ಕಾಲೇಜಿನ ಮೇಲ್‌ಗೆ. ಅದು ಓದು ಮುಗಿದ ಮೇಲೆ ಮುಚ್ಚಿಹೋಗಿತ್ತು. ಅಕೌಂಟಿಗೆ ಕೊಟ್ಟಿದ್ದ ಫೋನ್ ನಂಬರಿಗೆ ರೀಚಾರ್ಜ್ ಮಾಡದೆ ಬಿಟ್ಟಿದ್ದೆ, ಅದು ಬೇರೆಯವರಿಗೆ ಸಿಕ್ಕಿತ್ತು. ಫೋನ್ ಮಾಡಿ ಓಟಿಪಿ ಬಂದರೆ ಹೇಳ್ತೀರಾ ಅಂತ ಕೇಳಿದೆ. ಒಬ್ಬ ಅಜ್ಜ ಎತ್ತಿದರು. "ಓಟಿಪಿ ಯಾರಿಗೂ ಹೇಳಬಾರದು ಅಂತ ಬ್ಯಾಂಕಿನವ್ರು ಹೇಳ್ಯಾರ" ಅಂತ ಬೈದು ಇಟ್ಟರು. ಅಜ್ಜ ನನಗಿಂತ ಜಾಣ.

ಆಮೇಲೆ ಟೆಲಿಗ್ರಾಂನಲ್ಲಿ "ರಿಕವರಿ ಎಕ್ಸ್‌ಪರ್ಟ್" ಒಬ್ಬನಿಗೆ ಸುಮಾರು 1,500 ರೂಪಾಯಿ ಕೊಟ್ಟೆ. ಬ್ಲಾಕ್ ಮಾಡಿದ. ಸ್ಟೀಮ್ ಸಪೋರ್ಟ್‌ಗೆ ಮಾತ್ರ ಒಂದು ಪೈಸೆಯೂ ಬೇಕಿಲ್ಲ.

ಕಳ್ಳ ಪ್ರೊಫೈಲ್ ಹೆಸರು ಬದಲಿಸಿದ್ದ. ಆದರೆ ಲಾಗಿನ್ ಹೆಸರು ಯಾರೂ ಬದಲಿಸೋಕಾಗಲ್ಲ. ನನಗೇ ಅದು ನೆನಪಿರಲಿಲ್ಲ. ಹಳೇ ಪಿಸಿ ಹಾಕಿ ಈ ಫೈಲನ್ನು ನೋಟ್‌ಪ್ಯಾಡಲ್ಲಿ ತೆರೆದೆ:

```
C:\Program Files (x86)\Steam\config\loginusers.vdf
```

ಲಾಗಿನ್ ಹೆಸರೂ ಇತ್ತು, 7656119ರಿಂದ ಶುರುವಾಗೋ ಐಡಿಯೂ ಇತ್ತು.

ಸಪೋರ್ಟ್ ಪುಟದಲ್ಲಿ ಅಕೌಂಟ್ ಕಳವಾಗಿದೆ ಅಂತ ಆರಿಸಿ, ಇಮೇಲ್, ಫೋನ್ ಎರಡೂ ಕೈಲಿಲ್ಲ ಅಂತ ಒತ್ತುತ್ತಾ ಹೋದರೆ ಒಡೆತನದ ಪುರಾವೆ ಕೇಳೋ ಫಾರ್ಮ್ ಬರುತ್ತದೆ. ಮೊದಲನೇ ಸಲ ಇತ್ತೀಚಿನ ಯುಪಿಐ ಸ್ಕ್ರೀನ್‌ಶಾಟ್ ಒಂದನ್ನೇ ಹಾಕಿದೆ, ಸಾಲದು ಅಂದರು. ಅವಸರಕ್ಕೆ ಇನ್ನೊಂದು ಟಿಕೆಟ್ ಹಾಕಿದೆ, ಅದರಿಂದ ಇನ್ನೂ ತಡವಾಯಿತು. ಒಂದೇ ಟಿಕೆಟ್ ಇಟ್ಟುಕೊಳ್ಳಿ, ಅದಕ್ಕೇ ಉತ್ತರ ಕೊಡುತ್ತಾ ಹೋಗಿ. ಪುರಾವೆ ಹಳೆಯದಾದಷ್ಟೂ ಒಳ್ಳೆಯದು. ಹೊಸ ಪಾವತಿಯನ್ನು ಕಳ್ಳನೂ ಮಾಡಿರಬಹುದು, ಅಲ್ವಾ?

2012ರಲ್ಲಿ ಎಸ್‌ಪಿ ರೋಡಲ್ಲಿ ಸ್ಕೈರಿಮ್ ಆಟದ ಡಿಸ್ಕ್ ತಗೊಂಡಿದ್ದೆ, ಸಾವಿರದ ಹತ್ತಿರ. ಅದರ ಡಬ್ಬಿಯಲ್ಲಿದ್ದ ಕೀ, ಅಂದರೆ ಆಟ ತೆರೆಯೋ ಕೋಡ್, ಹಾಕಿಯೇ ಅಕೌಂಟ್ ಶುರು ಮಾಡಿದ್ದು. ಊರಿಗೆ ಫೋನ್ ಮಾಡಿದರೆ, "ಆ ಡಬ್ಬಿ ಗುಜರಿಗೆ ಹಾಕೋ ಚೀಲದಲ್ಲಿದೆ ಕಣೋ" ಅಂದರು ಅಮ್ಮ. ಬಸ್ ಹತ್ತಿ ಹೋದೆ. ಕೀ ಅಚ್ಚಾದ ಕಾಗದದ ಮೇಲೆ, ಕೀ ಪಕ್ಕದಲ್ಲೇ, `HT-`ಯಿಂದ ಶುರುವಾಗೋ ಟಿಕೆಟ್ ನಂಬರನ್ನು ಪೆನ್ನಲ್ಲಿ ಬರೆದು ಫೋಟೋ ತೆಗೆದೆ. ಮೊದಲ ಫೋಟೋದಲ್ಲಿ ಫ್ಲ್ಯಾಶ್ ಹೊಳೆದು ಎರಡು ಅಕ್ಷರ ಮಾಯ. ಕಿಟಕಿ ಬೆಳಕಲ್ಲಿ ತೆಗೆದದ್ದು ಸರಿಹೋಯಿತು. ಜೊತೆಗೆ ಮುಚ್ಚಿಹೋದ ಕಾಲೇಜ್ ಮೇಲ್ ವಿಳಾಸ, ಹಳೇ ನಂಬರ್ ಬರೆದೆ. ಇನ್ನೊಂದು ಸಾಲೂ ಬರೆದಿದ್ದೆ, ಅದನ್ನು ಇಲ್ಲಿ ಹೇಳಲ್ಲ. ಕಳ್ಳರೂ ಓದ್ತಾರೆ.

ಎರಡು ದಿನಕ್ಕೆ ಹೊಸ ಇಮೇಲ್‌ಗೆ ಪಾಸ್‌ವರ್ಡ್ ಲಿಂಕ್ ಬಂತು. ಆಟಗಳೆಲ್ಲ ಇದ್ದವು. ಆಟದೊಳಗಿನ ಎಂಟು ಒಂಬತ್ತು ಸಾವಿರದ ಸ್ಕಿನ್‌ಗಳನ್ನು ಮಾತ್ರ ಕಳ್ಳ ಟ್ರೇಡ್ ಮಾಡಿಬಿಟ್ಟಿದ್ದ, ಅವು ವಾಪಸ್ ಬರಲಿಲ್ಲ. ರೂಮ್‌ಮೇಟ್ ಈಗ ತನ್ನ ಹಳೇ ಡಬ್ಬಿಗಳನ್ನು ಹುಡುಕ್ತಿದ್ದಾನೆ.